ಗೃಹಸ್ಥರ ಅರ್ಥವಿಚಾರ: ಕೊಬ್ಬರಿಯ ಬೆಲೆಯೂ ಕೊಳ್ಳುವವರ ಕೂಟವೂ

ನೊಣವಿನಕೆರೆಯ ಕಡೆಯ ಗೃಹಸ್ಥರೊಬ್ಬರು ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದರು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಸುಲಿಸಿ, ಒಡೆಸಿ, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿಸಿ ಸಂತೆಗೆ ಕಳುಹಿಸಿದ್ದರಂತೆ. ಬಂದ ಬೆಲೆ ಅವರ ಮನಸ್ಸಿಗೆ ಒಪ್ಪಿರಲಿಲ್ಲ. “ಸ್ವಾಮಿ, ಐದು ಜನ ಬೆಲೆ ಬರೆದರು, ಐದೂ ಹೆಚ್ಚುಕಡಮೆ ಒಂದೇ. ಇವರು ಮೊದಲೇ ಮಾತಾಡಿಕೊಂಡಿರಬೇಕು ಎಂದು ನನ್ನ ಸಂದೇಹ. ಆದರೆ ಒಂದು ವಿಷಯ ನನಗೆ ತಿಳಿಯದು. ಇವರು ಅಷ್ಟು ಆಸೆಯವರಾದರೆ, ಐವರಲ್ಲಿ ಒಬ್ಬನಾದರೂ ನೂರು ರೂಪಾಯಿ ಹೆಚ್ಚು ಬರೆದು ಎಲ್ಲ ಮಾಲನ್ನೂ ತಾನೇ ಹೊಡೆದುಕೊಳ್ಳಬಾರದೇಕೆ?” ಎಂದು ಕೇಳಿದರು.

ಅವರು ಹೋದ ಸಂತೆಯಲ್ಲಿ ಒಳ ಒಪ್ಪಂದವಿತ್ತೆಂದು ಹೇಳುವುದಕ್ಕೆ ನಮಗೆ ಆಧಾರವಿಲ್ಲ. ತಿಪಟೂರಿನ ವರ್ತಕರ ಮೇಲೆ ಅಂಥ ಅಪವಾದವನ್ನು ಹೊರಿಸುವುದೂ ನಮ್ಮ ಉದ್ದೇಶವಲ್ಲ. ಆದರೆ ಅವರ ಪ್ರಶ್ನೆ ಬಹಳ ಯೋಗ್ಯವಾದುದು. ಕೂಟವನ್ನು ಕಟ್ಟುವ ಆಸೆಯೇ ಕೂಟವನ್ನು ಒಡೆಯುವ ಆಸೆಯೂ ಆಗಿರುವಾಗ, ಕೂಟವು ನಿಲ್ಲುವುದು ಯಾವುದರ ಬಲದಿಂದ? ಅದನ್ನು ತಿಳಿದವರಿಗೆ ಅದು ಬೀಳುವುದು ಹೇಗೆಂಬುದೂ ತಿಳಿಯುತ್ತದೆ. ಒಂದು ಕಲ್ಪಿತ ಲೆಕ್ಕವನ್ನು ಹಾಕಿ ನೋಡೋಣ.

ವಾರಕ್ಕೆ ಎರಡು ದಿನ ಸಂತೆ ನಡೆಯುತ್ತದೆಂದೂ, ಪ್ರತಿ ಸಂತೆಗೆ 500 ಕ್ವಿಂಟಾಲ್ ಕೊಬ್ಬರಿ ಬರುತ್ತದೆಂದೂ, ಕೊಳ್ಳುವವರು ಐವರೇ ಎಂದೂ ಇಟ್ಟುಕೊಳ್ಳೋಣ. ಉತ್ತರ ಹಿಂದೂಸ್ಥಾನಕ್ಕೆ ಕಳುಹಿಸುವ ಖರ್ಚನ್ನೂ ನ್ಯಾಯವಾದ ಲಾಭವನ್ನೂ ಕಳೆದರೆ ಒಂದು ಕ್ವಿಂಟಾಲಿಗೆ ಅವರು 12,000 ರೂಪಾಯಿ ಕೊಡಬಹುದು. ಪೈಪೋಟಿ ಇದ್ದಲ್ಲಿ ಬೆಲೆ ಅಲ್ಲಿಗೆ ಏರಿ ನಿಲ್ಲುತ್ತದೆ. ಐವರೂ ಒಟ್ಟುಗೂಡಿ 11,000ಕ್ಕಿಂತ ಹೆಚ್ಚು ಬರೆಯಬಾರದೆಂದು ನಿಶ್ಚಯಿಸಿ, ಮಾಲನ್ನು ಸಮನಾಗಿ ಹಂಚಿಕೊಂಡರೆ, ಒಬ್ಬೊಬ್ಬನಿಗೂ 100 ಕ್ವಿಂಟಾಲ್. ಕ್ವಿಂಟಾಲಿಗೆ ಸಾವಿರದಂತೆ ಸಂತೆಗೆ ಒಂದು ಲಕ್ಷ ರೂಪಾಯಿ ಹೆಚ್ಚಿನ ಲಾಭ. ಇದು ಬೆಳೆದವನ ಮನೆಯಿಂದ ಹೋದ ಹಣವೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಅವರಲ್ಲೊಬ್ಬನು ಮಾತು ತಪ್ಪಿ 11,100 ಬರೆದನೆನ್ನಿ. ಅಂದಿನ 500 ಕ್ವಿಂಟಾಲೂ ಅವನದೇ. ಕ್ವಿಂಟಾಲಿಗೆ 900ರಂತೆ ನಾಲ್ಕೂವರೆ ಲಕ್ಷ ಸಿಕ್ಕಿತು. ಮಾತಿಗೆ ನಿಂತಿದ್ದರೆ ಒಂದೇ ಲಕ್ಷ. ಆದುದರಿಂದ ದ್ರೋಹದ ಕೂಲಿ ಮೂರೂವರೆ ಲಕ್ಷ. ಸಂತೆ ಇದೊಂದೇ ದಿನ ನಡೆಯುವುದಾಗಿದ್ದರೆ ಐವರೂ ಇದೇ ಲೆಕ್ಕವನ್ನು ಹಾಕುತ್ತಿದ್ದರು. ಕೂಟವು ಹುಟ್ಟಿದ ದಿನವೇ ಸಾಯುತ್ತಿತ್ತು. ನಮ್ಮ ಮಿತ್ರರು ಕೇಳಿದ ಪ್ರಶ್ನೆಯಲ್ಲಿ ಇರುವುದು ಈ ಒಂದು ದಿನದ ಲೆಕ್ಕ.

ಆದರೆ ಮೂರು ದಿನ ಕಳೆದರೆ ಮತ್ತೆ ಸಂತೆ. ಅದೇ ಐವರು, ಅದೇ ಕಟ್ಟೆ. ಉಳಿದ ನಾಲ್ವರು ಮೊದಲೇ ಒಂದು ಕಟ್ಟುಪಾಡು ಮಾಡಿಕೊಂಡಿರುತ್ತಾರೆ: ಯಾವನಾದರೂ ಮಾತು ತಪ್ಪಿದರೆ ಮಾರನೆಯ ಸಂತೆಯಿಂದ ಎಲ್ಲರೂ 12,000 ಬರೆಯುವುದು. ಆಗ ಯಾರಿಗೂ ಆ ಹೆಚ್ಚಿನ ಲಕ್ಷವಿಲ್ಲ. ತಪ್ಪಿದವನು ಒಂದು ದಿನ ಗಳಿಸಿದ ಮೂರೂವರೆ ಲಕ್ಷವು ನಾಲ್ಕು ಸಂತೆಗಳಲ್ಲಿ, ಎಂದರೆ ಎರಡೇ ವಾರದಲ್ಲಿ, ಕರಗಿಹೋಗುತ್ತದೆ. ಆಮೇಲೆ ಪ್ರತಿ ಸಂತೆಯೂ ಅವನಿಗೆ ಬರಿಯ ನಷ್ಟವೇ. ಎರಡು ವಾರದಾಚೆಗೂ ಅಂಗಡಿ ನಡೆಸಬೇಕೆಂದಿರುವವನು ಇದನ್ನು ಬಲ್ಲನಾದುದರಿಂದ ಮಾತು ತಪ್ಪುವುದಿಲ್ಲ. ಅವನನ್ನು ತಡೆಯುವುದು ಸ್ನೇಹವಲ್ಲ, ನಾಳೆಯ ಭಯ. ನಾಳೆಯ ಲಾಭವು ಇಂದಿನ ಆಸೆಯನ್ನು ಒತ್ತೆ ಹಿಡಿದಿರುತ್ತದೆ.

ದಂಡಿಸುವವರಿಗೂ ಅದರಿಂದ ನಷ್ಟವಲ್ಲವೆ, ಅವರೇಕೆ ದಂಡಿಸುತ್ತಾರೆ ಎಂದು ವಾಚಕರು ಕೇಳಬಹುದು. ಉಳಿದವರೆಲ್ಲರೂ 12,000 ಬರೆಯುವರೆಂದು ತಿಳಿದ ಮೇಲೆ ತಾನೊಬ್ಬನು 11,000 ಬರೆದರೆ ಒಂದು ಚೀಲವೂ ಸಿಕ್ಕದು. ಹೆಚ್ಚು ಬರೆದರೆ ಕೈಯಿಂದ ಕಳೆದುಕೊಳ್ಳಬೇಕು. ಆದುದರಿಂದ ಆಗ ಎಲ್ಲರಿಗೂ ಅದೇ ಸರಿಯಾದ ದಾರಿಯಾಗುತ್ತದೆ. ಹೀಗೆ ಬೆದರಿಕೆಯು ಬರಿಯ ಮಾತಾಗದೆ ನಿಲ್ಲುತ್ತದೆ. ಆಟವು ಮುಗಿಯುವ ದಿನ ಗೊತ್ತಿಲ್ಲದಿದ್ದರೆ ಇಂಥ ಬೆದರಿಕೆಯಿಂದ ಒಪ್ಪಂದವು ತಾನೇ ನಡೆಯಬಲ್ಲುದೆಂದು 1971ರಲ್ಲಿ ಜೇಮ್ಸ್ ಫ್ರೀಡ್‌ಮನ್ ಎಂಬ ಅರ್ಥಶಾಸ್ತ್ರಜ್ಞನು ಗಣಿತದಿಂದ ತೋರಿಸಿದನು. ಕೊನೆಯ ದಿನ ಗೊತ್ತಿದ್ದರೆ ಮಾತ್ರ ಕಟ್ಟು ಹಿಂದಿನಿಂದ ಬಿಚ್ಚಿಕೊಳ್ಳುತ್ತದೆ: ಕೊನೆಯ ಸಂತೆಯಲ್ಲಿ ಎಲ್ಲರೂ ತಪ್ಪುವರು, ಅದು ತಿಳಿದುದರಿಂದ ಅದರ ಹಿಂದಿನ ಸಂತೆಯಲ್ಲಿಯೂ ತಪ್ಪುವರು, ಹೀಗೆ ಮೊದಲಿನವರೆಗೂ.

ಈ ಲೆಕ್ಕದಲ್ಲಿ ಎರಡು ವಿಷಯ ಗಮನಿಸತಕ್ಕವು. ಮೊದಲನೆಯದು ಜನರ ಸಂಖ್ಯೆ. ಐವರ ಬದಲು ಹತ್ತು ಜನರಿದ್ದರೆ ಒಬ್ಬನ ಪಾಲು ಐವತ್ತು ಸಾವಿರಕ್ಕೆ ಇಳಿಯುತ್ತದೆ. ಮಾತು ತಪ್ಪಿದವನಿಗೆ ಸಿಕ್ಕುವುದು ಮಾತ್ರ ಆ ನಾಲ್ಕೂವರೆ ಲಕ್ಷವೇ. ಹೆಚ್ಚಿನ ನಾಲ್ಕು ಲಕ್ಷವನ್ನು ದಂಡದಿಂದ ಅಳಿಸಲು ಈಗ ಎಂಟು ಸಂತೆಗಳು ಬೇಕು. ಕೂಟವು ಹಿಗ್ಗಿದಷ್ಟೂ ಅದರ ಗಂಟು ಸಡಿಲ.

ಎರಡನೆಯದು ಇನ್ನೂ ಮುಖ್ಯವಾದುದು. ದಂಡಿಸಬೇಕಾದರೆ ತಪ್ಪಿದವನು ಯಾರೆಂದು ಬೇಗನೆ ತಿಳಿಯಬೇಕು. ನಾಲ್ಕು ಸಂತೆಯವರೆಗೆ ಅವನ ಕಳ್ಳತನ ಮರೆಯಾಗಿದ್ದರೆ ಅವನಿಗೆ ಹದಿನಾಲ್ಕು ಲಕ್ಷ ಹೆಚ್ಚಾಗಿ ಸಿಕ್ಕಿರುತ್ತದೆ. ಅದನ್ನು ಕರಗಿಸಲು ಹದಿನಾಲ್ಕು ಸಂತೆಗಳು ಬೇಕು. ಇಲ್ಲಿಯೇ ಒಂದು ವಿಚಿತ್ರವಿದೆ. ಯಾರು ಎಷ್ಟು ಬರೆದರೆಂಬುದನ್ನು ಎಲ್ಲರೆದುರು ಹೆಸರು ಸಹಿತ ಓದಿ ಹೇಳುವುದೇ ನ್ಯಾಯವೆಂದು ನಾವೆಲ್ಲರೂ ಭಾವಿಸುತ್ತೇವೆ. ಆದರೆ ಕೂಟಕ್ಕೆ ಬೇಕಾದ ಕಣ್ಣು ಅದೇ. ಚೀಟಿಗಳನ್ನು ಬಹಿರಂಗವಾಗಿ ಒಡೆದು ಓದುವ ಪದ್ಧತಿಯಲ್ಲಿ ಮೋಸವು ಅರೆಗಳಿಗೆಯೂ ಅಡಗಿರಲಾರದು. ಅದು ಕೂಟಗಳಿಗೆ ಬಹು ಅನುಕೂಲವೆಂದು ಜಾರ್ಜ್ ಸ್ಟಿಗ್ಲರನು 1964ರಲ್ಲಿ ಬರೆದನು. ಬೆಳೆದವನಿಗೆ ಪಾರದರ್ಶಕವಾದುದು ಕೂಟದವನಿಗೂ ಪಾರದರ್ಶಕವೇ.

ದಂಡನೆಯು ಬರಿಯ ಕಾಗದದ ಮೇಲಿನ ತರ್ಕವಲ್ಲವೆಂಬುದಕ್ಕೆ ಅಮೆರಿಕಾ ದೇಶದ ರೈಲುಗಳ ಕಥೆ ಸಾಕ್ಷಿ. ಷಿಕಾಗೋ ನಗರದಿಂದ ಪೂರ್ವ ತೀರಕ್ಕೆ ಧಾನ್ಯ ಸಾಗಿಸುವ ಕಂಪೆನಿಗಳು 1879ರಲ್ಲಿ ಒಂದು ಜಂಟಿ ಸಮಿತಿಯನ್ನು ಮಾಡಿಕೊಂಡು ಸಾಗಣೆಯನ್ನು ಪಾಲು ಹಂಚಿಕೊಂಡವು. ಆಗ ಅದನ್ನು ನಿಷೇಧಿಸುವ ಕಾಯಿದೆ ಇನ್ನೂ ಹುಟ್ಟಿರಲಿಲ್ಲವಾದುದರಿಂದ ಸಮಿತಿಯು ಬಹಿರಂಗವಾಗಿಯೇ ನಡೆದು, ವಾರವಾರವೂ ಲೆಕ್ಕವನ್ನು ಪ್ರಕಟಿಸುತ್ತಿತ್ತು. ತನ್ನ ಪಾಲು ಕಡಮೆಯಾದ ಕಂಪೆನಿಗೆ ಮಾತ್ರ ಒಂದು ಸಂದೇಹ ತಪ್ಪಲಿಲ್ಲ: ಪಕ್ಕದವನು ಗುಟ್ಟಾಗಿ ದರ ಇಳಿಸಿದನೇ, ಅಥವಾ ಗಿರಾಕಿಗಳು ತಾವಾಗಿಯೇ ಅತ್ತ ಹೋದರೇ? ಸಂದೇಹ ಬಲಿತಾಗ ಎಲ್ಲರೂ ದರವನ್ನು ಇಳಿಸಿ ಕೆಲವು ಕಾಲ ಹೋರಾಡುವರು. ಮತ್ತೆ ಹಳೆಯ ದರಕ್ಕೆ ಮರಳುವರು. 1880ರಿಂದ 1886ರವರೆಗಿನ ಆ ಲೆಕ್ಕಗಳನ್ನು ರಾಬರ್ಟ್ ಪೋರ್ಟರನು ಪರಿಶೀಲಿಸಿ, ಇಂಥ ಹೋರಾಟಗಳು ಮತ್ತೆ ಮತ್ತೆ ಬಂದುಹೋದುದನ್ನು 1983ರಲ್ಲಿ ತೋರಿಸಿದನು. ಬೆಲೆಯ ಹೋರಾಟವನ್ನು ಕಂಡು ಕೂಟ ಸತ್ತಿತೆಂದು ಹಿಗ್ಗಬಾರದು. ಅದು ಕೂಟವು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿರುವ ಕಾಲವೂ ಆಗಿರಬಹುದು.

ನಮ್ಮ ನಾಡಿಗೆ ಮರಳೋಣ. ಕರ್ನಾಟಕ ಸರ್ಕಾರವು 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆಯನ್ನು ಪಾಲುದಾರಿಕೆಯಲ್ಲಿ ಸ್ಥಾಪಿಸಿ, ನಿಯಂತ್ರಿತ ಮಾರುಕಟ್ಟೆಗಳನ್ನು ಗಣಕಯಂತ್ರದ ಮೂಲಕ ಜೋಡಿಸುವ ಕಾರ್ಯಕ್ಕೆ ಕೈಹಾಕಿತು. ಒಬ್ಬನು ಬರೆದ ಬೆಲೆ ಗಡುವು ಮುಗಿಯುವತನಕ ಇನ್ನೊಬ್ಬನಿಗೆ ಕಾಣದು. ಒಂದೇ ಪರವಾನಗಿಯಿಂದ ಬೇರೆ ಊರಿನ ವರ್ತಕನೂ ಬೆಲೆ ಬರೆಯಬಹುದು. ಮೇಲಿನ ಲೆಕ್ಕದ ಪ್ರಕಾರ ಇವೆರಡರಲ್ಲಿ ಹೆಚ್ಚು ಬಲವುಳ್ಳದ್ದು ಎರಡನೆಯದು. ಫಲಿತಾಂಶ ಬಂದ ಮೇಲೆ ಮಾಲು ಯಾರ ಮಂಡಿಗೆ ಹೋಯಿತೆಂಬುದು ಊರಿಗೆಲ್ಲ ತಿಳಿಯುವುದಾದರೆ, ಗಡುವಿನವರೆಗಿನ ಗುಟ್ಟಿನಿಂದ ಕೂಟಕ್ಕೆ ದೊಡ್ಡ ತೊಂದರೆಯಿಲ್ಲ. ಹೊರಗಿನವನಾದರೋ ಯಾವ ಮಾತಿಗೂ ಒಳಪಟ್ಟವನಲ್ಲ, ನಾಳೆಯ ದಂಡಕ್ಕೆ ಹೆದರುವವನೂ ಅಲ್ಲ. ಆದರೆ ಕೊಬ್ಬರಿಯ ಬಣ್ಣ, ಗಾತ್ರ, ಒಣಗಿದ ಹದ ಇವುಗಳನ್ನು ಕಣ್ಣಾರೆ ನೋಡದೆ ದೂರದವನು ಧೈರ್ಯ ಮಾಡಲಾರನಾದುದರಿಂದ, ನಂಬತಕ್ಕ ಗುಣಪರೀಕ್ಷೆ ಇಲ್ಲದ ಕಡೆ ಈ ಬಾಗಿಲು ತೆರೆದಿದ್ದರೂ ಒಳಗೆ ಬರುವವರು ವಿರಳ.

ಕಾಯಿದೆಯೂ ಇದೇ ತತ್ತ್ವವನ್ನು ಆಯುಧವಾಗಿ ಹಿಡಿದಿದೆ. 2002ರ ಸ್ಪರ್ಧಾ ಕಾಯಿದೆಯು ಕೊಳ್ಳುವ ಬೆಲೆಯನ್ನೂ ಮಾರುವ ಬೆಲೆಯನ್ನೂ ಕೂಡಿ ಗೊತ್ತುಮಾಡುವುದನ್ನು ನಿಷೇಧಿಸಿ, ಮೊದಲು ಬಂದು ಒಪ್ಪಿಕೊಂಡವನ ದಂಡವನ್ನು ಪೂರ್ತಿಯಾಗಿ ಬಿಡಬಹುದೆಂದು ವಿಧಿಸಿದೆ. ಎಂದರೆ ಮಾತು ತಪ್ಪುವುದಕ್ಕೆ ಹೊಸದೊಂದು ಬಹುಮಾನ. 2021ರ ಸೆಪ್ಟೆಂಬರಿನಲ್ಲಿ ಬಿಯರ್ ತಯಾರಕರ ಕೂಟದ ವಿಚಾರದಲ್ಲಿ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪೆನಿಗೆ ಸ್ಪರ್ಧಾ ಆಯೋಗವು ಸುಮಾರು 752 ಕೋಟಿ ರೂಪಾಯಿ ದಂಡ ಹಾಕಿತು. ಮೊದಲು ಬಾಯಿಬಿಟ್ಟ ಆನ್‌ಹ್ಯೂಸರ್-ಬುಷ್ ಇನ್‌ಬೆವ್ ಒಂದು ಕಾಸೂ ತೆರಲಿಲ್ಲ.

ಇನ್ನು ಗೃಹಸ್ಥರು ಮಾಡಬಹುದಾದುದು. ಬೆಲೆಗಳು ಒಂದೇ ಇದ್ದ ಮಾತ್ರಕ್ಕೆ ಕೂಟವೆನ್ನಲಾಗದು. ದಿಲ್ಲಿಯ ಧಾರಣೆ ಎಲ್ಲರಿಗೂ ಗೊತ್ತಿರುವಾಗ ಪ್ರಾಮಾಣಿಕರ ಬೆಲೆಗಳೂ ಒಂದೇ ಆಗುವುವು. ಆದರೆ ಸಂತೆಸಂತೆಗೂ ಗೆದ್ದವನ ಹೆಸರು, ಅವನ ಬೆಲೆ, ಅಂದಿನ ಹೊರಗಿನ ಧಾರಣೆ ಇವುಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕುತ್ತ ಹೋಗಿರಿ. ಗೆಲವು ಸರದಿಯಂತೆ ತಿರುಗುತ್ತಿದ್ದರೆ, ಹೊಸಬನೊಬ್ಬನು ಬಂದ ದಿನ ಮಾತ್ರ ಬೆಲೆ ನೆಗೆದು ಅವನು ಹೋದೊಡನೆ ಕುಸಿದರೆ, ಹೊರಗಿನ ಧಾರಣೆ ಕದಲದಿರುವಾಗ ಕೆಲವು ವಾರ ಇಲ್ಲಿ ಬೆಲೆ ಏರಿ ಮತ್ತೆ ಹಳೆಯ ಮಟ್ಟಕ್ಕೆ ಇಳಿದರೆ, ಆಗ ಸಂದೇಹಕ್ಕೆ ಆಧಾರವುಂಟು.

ಇನ್ನೊಂದು ಉಪಾಯ ಬೆಳೆಗಾರರ ಕೈಯಲ್ಲೇ ಇದೆ. ಕೂಟಕ್ಕೆ ಹಿತವಾದುದು ಸಣ್ಣ ಸಣ್ಣ ರಾಶಿಗಳು ತಪ್ಪದೆ ಬರುತ್ತಿರುವುದು. ಆಗ ಇಂದಿನ ಆಸೆ ಚಿಕ್ಕದು, ನಾಳೆಯ ದಂಡ ಹತ್ತಿರ. ನಾಲ್ಕಾರು ಊರಿನವರು ಸೇರಿ, ಮುಂಚೆ ಹೇಳದೆ, ಒಮ್ಮೆಗೇ 2,000 ಕ್ವಿಂಟಾಲಿನ ಒಂದೇ ರಾಶಿಯನ್ನು ಇಟ್ಟರೆನ್ನಿ. ಮಾತಿಗೆ ನಿಂತವನಿಗೆ ನಾಲ್ಕು ಲಕ್ಷ, ತಪ್ಪಿದವನಿಗೆ ಹದಿನೆಂಟು. ಹೆಚ್ಚಿನ ಹದಿನಾಲ್ಕು ಲಕ್ಷವನ್ನು ಎಂದಿನ ಸಂತೆಗಳ ದಂಡದಿಂದ ಕರಗಿಸಲು ಎರಡು ವಾರ ಸಾಲದು, ಏಳು ವಾರ ಬೇಕು. ಅಷ್ಟು ಹಣವನ್ನು ಒಮ್ಮೆಗೇ ಹೂಡಬಲ್ಲ ವರ್ತಕನೂ, ಅಲ್ಲಿಯತನಕ ಮಾಲನ್ನು ಹುಳು ಬೀಳದಂತೆ ಕಾಯುವ ಉಗ್ರಾಣವೂ ಇದ್ದರೆ ಮಾತ್ರ ಇದು ನಡೆಯುತ್ತದೆಂಬುದನ್ನು ಮರೆಯಬಾರದು.

ನಮ್ಮ ಮಿತ್ರರು ಇದನ್ನೆಲ್ಲ ಕೇಳಿ, “ಹಾಗಾದರೆ ಅವರು ಒಟ್ಟಿಗಿರುವುದು ನಾವು ಬಿಡಿಬಿಡಿಯಾಗಿ ಹೋಗುವುದರಿಂದ ಎಂದಹಾಗಾಯಿತು” ಎಂದರು. ಅರ್ಧ ಕಾರಣ ಅದೇ ಎಂದೆವು. ಈ ಸಲದ ಕಾಯಿ ಇನ್ನೂ ಅವರ ಅಟ್ಟದ ಮೇಲಿದೆ. ನೆರೆಯವರನ್ನು ಕೇಳಿ ನೋಡುವುದಾಗಿ ಹೇಳಿ ಎದ್ದರು.