ಐದು ಲೋಟ ಕಾಫಿಯ ಲೆಕ್ಕ

ಠಾಣೆಯ ಯಾವುದಾದರೂ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ನೋಡಿ, ಮೂರು ಬಗೆಯ ಕಾಫಿ ಯಂತ್ರಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಹಿಡಿಕೆಗೆ ಪುಡಿ ತುಂಬಿ, ಒತ್ತಿ, ನಾವೇ ಕೂರಿಸಬೇಕಾದದ್ದು ಸುಮಾರು 10,000 ರೂಪಾಯಿ. ಮೊಹರು ಹಾಕಿದ ಪುಟ್ಟ ಪಾಡ್ ಇಟ್ಟು ಗುಂಡಿ ಒತ್ತುವಂಥದ್ದು 15,000ದ ಆಸುಪಾಸು. ಮೇಲಿನಿಂದ ಬೀಜ ಸುರಿದರೆ ತಾನೇ ಪುಡಿ ಮಾಡಿ ಕಾಫಿ ಇಳಿಸಿಕೊಡುವ ಬೀನ್-ಟು-ಕಪ್ 50,000 ದಾಟುತ್ತದೆ. ಕೈಯಲ್ಲಿ ಇಷ್ಟೇ ದುಡ್ಡಿದೆ ಎಂದು ಹೋದವರ ಕಣ್ಣು ಸಹಜವಾಗಿ ನಡುವಿನದರ ಮೇಲೆ ಬೀಳುತ್ತದೆ. ನನ್ನ ಪ್ರಕಾರ ಡೊಂಬಿವಲಿ, ಕಲ್ಯಾಣದ ನಮ್ಮ ಮನೆಗಳ ಮಟ್ಟಿಗೆ ಮೂರರಲ್ಲಿ ಅತ್ಯಂತ ದುಬಾರಿ ಅದೇ. ಬೆಲೆಯ ಚೀಟಿ ಯಂತ್ರದ ಬೆಲೆಯನ್ನು ಹೇಳುತ್ತದೆಯೇ ಹೊರತು ಕಾಫಿಯ ಬೆಲೆಯನ್ನಲ್ಲ.

ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇದೆ, ಅದನ್ನು ಅಂಗಡಿಯವನು ಕೇಳುವುದಿಲ್ಲ: ನಿಮ್ಮ ಮನೆಯಲ್ಲಿ ಒಂದೇ ಹೊತ್ತಿಗೆ ಎಷ್ಟು ಲೋಟ ಬೇಕು? ಫಿಲ್ಟರ್ ಎಂಬುದು ಇಡ್ಲಿ ಪಾತ್ರೆಯ ಜಾತಿಯದು, ಒಂದು ಸಲ ಇಟ್ಟರೆ ಇಡೀ ಮನೆಗೆ ಆಯಿತು. ಅಂಗಡಿಯ ಮೂರೂ ಯಂತ್ರಗಳು ದೋಸೆ ಕಾವಲಿಯ ಜಾತಿಯವು, ಒಬ್ಬೊಬ್ಬರಿಗೆ ಒಂದೊಂದು. ಬೆಳಿಗ್ಗೆ ಆರೂಕಾಲರ ಲೋಕಲ್ ಹಿಡಿಯುವ ಮಗ, ಶಾಲೆಯ ಡಬ್ಬಿ ಕಟ್ಟುವ ಸೊಸೆ, ವಾಕಿಂಗಿಗೆ ಹೊರಟ ಮಾವ, ಪೂಜೆಗೆ ಮೊದಲು ಗುಟುಕು ಬೇಕೆನ್ನುವ ಅತ್ತೆ ಇವರೆಲ್ಲ ಕಾಲು ಗಂಟೆಯೊಳಗೆ ಕಾಫಿ ಕೇಳುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಪಾಡ್ ಯಂತ್ರವನ್ನು ನೆಸ್ಲೆ ಕಂಪನಿ 1986ರಲ್ಲಿ ಮೊದಲು ಮಾರಲು ಹೊರಟದ್ದೇ ಕಚೇರಿಗಳಿಗೆ, ಒಬ್ಬೊಬ್ಬರು ಬಂದು ಒಂದೊಂದು ಕಪ್ ತೆಗೆದುಕೊಂಡು ಹೋಗುವ ಜಾಗಕ್ಕೆ.

ಇನ್ನು ಹಾಲು. ಪಾಡ್ ಒಂದರಲ್ಲಿ ಇರುವುದು ಐದರಿಂದ ಆರು ಗ್ರಾಂ ಪುಡಿ, ಅದರಿಂದ ಇಳಿಯುವುದು 40 ಮಿ.ಲೀ. ಕಾಫಿ. ಬರಿದೇ ಕುಡಿಯುವವರಿಗೆ ಅಷ್ಟು ಸಾಕು. ನಾವಾದರೋ ಅದಕ್ಕೆ 80-90 ಮಿ.ಲೀ. ಹಾಲು ಸೇರಿಸುತ್ತೇವೆ, ಆಗ ಅದು ಕಾಫಿಯ ಬಣ್ಣದ ಹಾಲಾಗುತ್ತದೆ. ಒಂದು ವಾರದಲ್ಲಿ ಮನೆಯವರು ಲೋಟಕ್ಕೆ ಎರಡು ಪಾಡ್ ಹಾಕಲು ಶುರು ಮಾಡುತ್ತಾರೆ. ಜೊತೆಗೆ, ಯಂತ್ರ ನೊರೆ ಎಬ್ಬಿಸಿ ಕೊಡುವ ಹಾಲು 60-65 ಡಿಗ್ರಿಯಷ್ಟೇ ಬಿಸಿ. ತುಟಿ ಸುಡುವ ಕಾಫಿಗೆ ಒಗ್ಗಿದವರಿಗೆ ಅದು ಆರಿದ ಕಾಫಿ. ಹೇಗೂ ಬೆಳಗಿನ ಪ್ಯಾಕೆಟ್ ಹಾಲು ಕಾಯಿಸಲೇಬೇಕಲ್ಲ, ಹಾಗಾಗಿ ಯಾವ ಯಂತ್ರ ತಂದರೂ ಹಾಲಿನ ಪಾತ್ರೆ ಒಲೆಯಿಂದ ಇಳಿಯುವುದಿಲ್ಲ. ಹಾಲಿನ ಸೌಕರ್ಯಕ್ಕೆಂದು ಕೊಡುವ ಹೆಚ್ಚುವರಿ ಹತ್ತು ಹದಿನೈದು ಸಾವಿರ ನಮ್ಮಲ್ಲಿ ಬಹುಪಾಲು ನೊರೆಗೇ ಹೋದ ಹಾಗೆ.

ಈಗ ಲೆಕ್ಕಕ್ಕೆ ಬರೋಣ. ದಿನಕ್ಕೆ ಐದು ಲೋಟ, ತಿಂಗಳಿಗೆ 150, ಮೂರು ವರ್ಷಕ್ಕೆ 5,400 ಲೋಟ ಎಂದಿಟ್ಟುಕೊಳ್ಳಿ. ಹಾಲು, ಸಕ್ಕರೆ ಎಲ್ಲಕ್ಕೂ ಸಮ, ಬಿಟ್ಟುಬಿಡೋಣ. ದರಗಳನ್ನು ದುಂಡಾಗಿ ಹಿಡಿದಿದ್ದೇನೆ, ನಿಮ್ಮ ಅಂಗಡಿಯ ದರ ಹಾಕಿ ತಿದ್ದಿಕೊಳ್ಳಬಹುದು. ಪಾಡ್ ಒಂದಕ್ಕೆ 50 ರೂಪಾಯಿಯಂತೆ, ಲೋಟಕ್ಕೆ ಒಂದೇ ಹಾಕಿದರೂ, 2,70,000 ರೂಪಾಯಿ ಪಾಡ್‌ಗೇ ಆಯಿತು. ಯಂತ್ರ ಸೇರಿ 2,85,000. ಬೀನ್-ಟು-ಕಪ್ ಯಂತ್ರಕ್ಕೆ 55,000, ಕಿಲೋಗೆ 1,000 ರೂಪಾಯಿಯ ಬೀಜ ಲೋಟಕ್ಕೆ 10 ಗ್ರಾಂನಂತೆ 54,000, ಸುಣ್ಣ ತೆಗೆಯುವ ದ್ರಾವಣ, ಸರ್ವಿಸ್ ಅಂತ ವರ್ಷಕ್ಕೆ 3,000 ಸೇರಿಸಿದರೆ 1,18,000. ಹಿಡಿಕೆಯ ಯಂತ್ರಕ್ಕೆ 10,000, ಕೈಯಲ್ಲಿ ತಿರುಗಿಸುವ ಒಳ್ಳೆಯ ಗ್ರೈಂಡರಿಗೆ 6,000, ಅದೇ ಬೀಜ: 70,000. ಸ್ಟೀಲಿನ ಫಿಲ್ಟರಿಗೆ 1,000, ಕಿಲೋಗೆ 900 ರೂಪಾಯಿಯ ಪುಡಿ: 50,000 ಮುಟ್ಟುವುದಿಲ್ಲ.

ಇದೇ ಲೆಕ್ಕವನ್ನು ದಿನಕ್ಕೆ ಒಂದೇ ಲೋಟ ಕುಡಿಯುವವರಿಗೆ ಹಾಕಿದರೆ ಪಾಡ್ 69,000ಕ್ಕೆ ನಿಲ್ಲುತ್ತದೆ, ಬೀನ್-ಟು-ಕಪ್ 74,800ಕ್ಕೆ. ಎರಡೂ ಸಮಸಮ ಆಗುವುದು ಮೂರು ವರ್ಷಕ್ಕೆ 1,225 ಲೋಟದ ಹತ್ತಿರ, ಅಂದರೆ ದಿನಕ್ಕೆ ಒಂದಕ್ಕಿಂತ ತುಸು ಹೆಚ್ಚು. ಎರಡನೇ ಲೋಟ ಕುಡಿಯುವವರು ಮನೆಯಲ್ಲಿದ್ದರೆ ಪಾಡ್ ಸೋತ ಹಾಗೆಯೇ. ಪಾಡ್‌ಗೆ ಅದರದೇ ಒಂದು ಗುಣ ಇದೆ, ಒಪ್ಪಬೇಕು: ನಮ್ಮ ಜುಲೈ ತಿಂಗಳ ಥಂಡಿಯಲ್ಲಿ ತೆರೆದ ಪುಡಿ ನಾಲ್ಕು ದಿನಕ್ಕೆ ವಾಸನೆ ಕಳೆದುಕೊಂಡರೆ, ಮೊಹರು ಹಾಕಿದ ಪಾಡ್ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಐರೋಲಿಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದು ದಿನಕ್ಕೊಂದು ಕಪ್ ಬರಿಕಾಫಿ ಕುಡಿಯುವವರು ಅದನ್ನು ಕೊಂಡರೆ ನಾನು ತಕರಾರು ಮಾಡುವುದಿಲ್ಲ.

ಹಿಡಿಕೆಯ ಯಂತ್ರ ದುಡ್ಡಿನಲ್ಲಿ ಗೆದ್ದಿತು, ಸರಿ. ಆದರೆ ನಮ್ಮ ಮನೆಗಳಲ್ಲಿ ಅದು ಕೆಡುವ ರೀತಿಯೇ ಬೇರೆ. ಮಾಟುಂಗಾದಿಂದಲೋ ಊರಿನಿಂದಲೋ ಬಂದ ಪುಡಿಯಲ್ಲಿ ಚಿಕೋರಿ ಇರುತ್ತದೆ, ಕಾನೂನಿನ ಪ್ರಕಾರ 49 ಪ್ರತಿಶತದವರೆಗೂ ಇರಬಹುದು. ಅದೇ ಪುಡಿಯನ್ನು ಹಿಡಿಕೆಗೆ ತುಂಬಿದಾಗ ಗಲಾಟೆ ಶುರು. ಅಗ್ಗದ ಯಂತ್ರಗಳ ಜಾಲರಿ ಎರಡು ಪದರದ್ದು. ಒಳಗೆ ನೂರಾರು ತೂತು, ಹೊರಗಿನ ತಳದಲ್ಲಿ ಸೂಜಿಮೊನೆಯಷ್ಟು ಒಂದೇ ತೂತು. ಆ ಒಂದು ತೂತೇ ಒತ್ತಡವನ್ನು ಹಿಡಿದಿಟ್ಟು ಮೇಲೆ ಕೆನೆಯಂಥ ನೊರೆ ಬರಿಸುವುದು. ಚಿಕೋರಿ ಬೇರಿನ ಸಕ್ಕರೆ ಅಂಶ ಬಿಸಿನೀರಿಗೆ ಕರಗಿ ಅಂಟಾಗುತ್ತದೆ, ಪುಡಿ ಉಬ್ಬಿಕೊಳ್ಳುತ್ತದೆ, ತೂತು ಕಟ್ಟಿಕೊಳ್ಳುತ್ತದೆ. ಪಂಪು ಗೊರಗೊರ ಎನ್ನುತ್ತದೆ, ಕಾಫಿ ತೊಟ್ಟು ತೊಟ್ಟಾಗಿ ಬೀಳುತ್ತದೆ. ಆಗ ಅವಸರಕ್ಕೆ ಹಿಡಿಕೆ ತಿರುಗಿಸಿ ಬಿಚ್ಚಿದಿರೋ, ಒಳಗೆ ಸಿಕ್ಕಿಕೊಂಡ ಒತ್ತಡ ಬಿಸಿ ಚರಟವನ್ನು ಗೋಡೆಗೂ ಕೈಗೂ ಎರಚುತ್ತದೆ. ಯಂತ್ರ ಆರಿಸಿ, ಹಬೆಯ ಕೊಳವೆ ತೆರೆದು, ಐದು ನಿಮಿಷ ಬಿಟ್ಟು ಬಿಚ್ಚಬೇಕು.

ಸರಿಯಾಗಿ ನಡೆದರೆ 30-40 ಮಿ.ಲೀ. ಕಾಫಿ ಇಳಿಯಲು 25ರಿಂದ 30 ಸೆಕೆಂಡು ಸಾಕು. ಹತ್ತೇ ಸೆಕೆಂಡಿಗೆ ದಬದಬ ಇಳಿದು ನೀರುನೀರಾಗಿ ಹುಳಿಯಾದರೆ ಪುಡಿ ದಪ್ಪವಾಯಿತು. ಮುಕ್ಕಾಲು ನಿಮಿಷ ಕಳೆದು ಕಹಿಯಾದರೆ ತೀರಾ ನುಣ್ಣಗಾಯಿತು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ 15 ಬಾರ್ ಎಂಬುದು ಪಂಪಿನ ಗರಿಷ್ಠ ಶಕ್ತಿ, ಕಾಫಿಗೆ ಬೇಕಾದದ್ದು 9 ಬಾರ್ ಅಷ್ಟೇ. 20 ಬಾರ್ ಎಂದು ಹೇಳಿ ಎರಡು ಸಾವಿರ ಜಾಸ್ತಿ ಕೇಳಿದರೆ ಕೊಡಬೇಕಿಲ್ಲ. ಆ ದುಡ್ಡು ಗ್ರೈಂಡರಿಗೆ ಹಾಕಿದರೆ ಲೋಟದಲ್ಲಿ ಗೊತ್ತಾಗುತ್ತದೆ. ಗ್ರೈಂಡರ್ ಬೇಡವೆನಿಸಿದರೆ ಮಾಟುಂಗಾದ ಮೈಸೂರ್ ಕನ್ಸರ್ನ್ಸ್‌ನಂಥ ಪುಡಿ ಅಂಗಡಿಯಲ್ಲಿ ಪ್ಲಾಂಟೇಷನ್, ಪೀಬೆರಿ ಆರಿಸಿಕೊಂಡು, ಚಿಕೋರಿ ಇಲ್ಲದೆ, ಯಂತ್ರಕ್ಕೆ ಎಂದು ಹೇಳಿ, ವಾರಕ್ಕೆ ಸಾಲುವಷ್ಟೇ ಪುಡಿ ಮಾಡಿಸಿಕೊಳ್ಳಬೇಕು.

ಬೀನ್-ಟು-ಕಪ್‌ಗೆ ಚಿಕೋರಿ ಇನ್ನೂ ದೊಡ್ಡ ಶತ್ರು. ಮೇಲಿನ ಬಟ್ಟಲಿಗೆ ಬೀಜ ಮಾತ್ರ ಹಾಕಬೇಕು. ನೆಂಟರು ಯಾರೋ ಸಹಾಯ ಮಾಡಲು ಹೋಗಿ ಪುಡಿ ಸುರಿದರೆ ಗ್ರೈಂಡರ್ ಬಿಚ್ಚಿಸುವ ಖರ್ಚು ತಲೆಗೆ ಬರುತ್ತದೆ. ಎಣ್ಣೆ ಮಿರುಗುವಷ್ಟು ಕಪ್ಪಗೆ ಹುರಿದ ಬೀಜವೂ ಬೇಡ, ಅದು ಬೀಸುವ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಪುಡಿ ಹಾಕಲು ಪಕ್ಕದಲ್ಲಿ ಕಿಂಡಿ ಇರುತ್ತದೆ ನಿಜ, ಆದರೆ ಅದಕ್ಕೆ ಒಂದು ಸಲಕ್ಕೆ ಒಂದೇ ಚಮಚ. ಮನೆಯ ಐದೂ ಲೋಟಕ್ಕೆ ಕಿಂಡಿಯಲ್ಲೇ ಚಮಚ ಚಮಚ ಹಾಕುವುದಾದರೆ 55,000 ಕೊಟ್ಟದ್ದು ಯಾತಕ್ಕೆ?

ಮಳೆಗಾಲದಲ್ಲಿ ಅದರ ಹೊಟ್ಟೆಯೊಳಗಿನ ಚರಟದ ಡಬ್ಬಿಯನ್ನು ದಿನಾ ಖಾಲಿ ಮಾಡಬೇಕು. ಎರಡು ಮೂರು ದಿನ ಮರೆತರೆ ಬಿಳಿ ಬೂಷ್ಟು ಹತ್ತುತ್ತದೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ಹತ್ತಿ ಹದಿನೈದು ದಿನ ಊರಿಗೆ ಹೋಗುವವರು ನೀರು, ಬೀಜ, ಚರಟ ಮೂರನ್ನೂ ತೆಗೆದು, ಕಾಫಿ ಒತ್ತುವ ಒಳಭಾಗವನ್ನು ತೊಳೆದು ಒಣಗಿಸಿ ಹೋಗಬೇಕು. ಈ ಒಳಭಾಗ ಕೆಲವು ಯಂತ್ರಗಳಲ್ಲಿ ಕೈಯಿಂದಲೇ ಹೊರಬರುತ್ತದೆ, ಕೆಲವದರಲ್ಲಿ ಸರ್ವಿಸಿನವರು ಮಾತ್ರ ತೆಗೆಯಬಲ್ಲರು. ನಮ್ಮ ಹವೆಗೆ ಎರಡನೆಯ ಬಗೆಯದನ್ನು ನಾನಂತೂ ಕೊಳ್ಳಲಾರೆ. ಇನ್ನೊಂದು, ವಿದ್ಯುತ್ತು. ಈ ಯಂತ್ರಗಳು 1,400-1,500 ವಾಟ್ ಎಳೆಯುತ್ತವೆ. 6 ಆಂಪಿಯರ್ ಪ್ಲಗ್ ತಾಳುವುದು 1,380 ವಾಟ್‌ವರೆಗೆ. ಹಳೆಯ ಬಿಲ್ಡಿಂಗಿನ ಅಡುಗೆಮನೆಯಲ್ಲಿ ಇರುವ ಒಂದೇ 16 ಆಂಪಿಯರ್ ಪ್ಲಗ್ ಮೈಕ್ರೋವೇವಿನ ಪಾಲಾಗಿರುತ್ತದೆ. ಹೊಸ ವೈರು ಎಳೆಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು, ಓಟಾದ ಮೇಲೆ ಜಾಗ ಇದೆಯೇ ಎಂದೂ ನೋಡಬೇಕು.

ನಾಲ್ಕು ಜನ ಒಟ್ಟಿಗೆ ಹಾಲು ಹಾಕಿದ ಕಾಫಿ ಕುಡಿಯುವ ಮನೆಗೆ ಹಾಗಾದರೆ ಫಿಲ್ಟರೇ. ಇದು ಹಳೆಯದರ ಮೇಲಿನ ಮೋಹವಲ್ಲ, ಅಳತೆಯ ಮಾತು. 40 ಗ್ರಾಂ ಪುಡಿ, ಮೇಲಿನ ತಟ್ಟೆ ಹಗುರವಾಗಿ ಒತ್ತಿ, 240 ಮಿ.ಲೀ. ಕುದಿನೀರು. ಪುಡಿ ಸುಮಾರು 80 ಮಿ.ಲೀ. ಕುಡಿದು ಉಳಿದ 160ನ್ನು ಬಿಟ್ಟುಕೊಡುತ್ತದೆ, ನಾಲ್ಕು ಲೋಟಕ್ಕೆ ತಲಾ 40 ಮಿ.ಲೀ. ಗಟ್ಟಿ ಡಿಕಾಕ್ಷನ್. ಎದ್ದ ಕೂಡಲೇ ಹಾಕಿದರೆ ಹಲ್ಲುಜ್ಜಿ ಹಾಲು ಕಾಯುವ ಹೊತ್ತಿಗೆ ಸಿದ್ಧ. ಇಳಿಯದೇ ನಿಂತರೆ ಒತ್ತಬೇಡಿ. ಮೇಲಿನ ಪಾತ್ರೆಯನ್ನು ಸ್ವಲ್ಪ ಎತ್ತಿ ಗಾಳಿ ಬಿಟ್ಟರೆ ಬಹುಪಾಲು ಸಲ ಇಳಿಯುತ್ತದೆ. ಆಗಲೂ ಇಳಿಯದಿದ್ದರೆ ತೂತು ಕಟ್ಟಿದೆ ಎಂದರ್ಥ. ಪಾತ್ರೆ ತೊಳೆದು ಒಣಗಿಸಿ, ತಳವನ್ನು ಗ್ಯಾಸಿನ ಉರಿಗೆ ಹಿಡಿದರೆ ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ.

ಎಸ್ಪ್ರೆಸೊ ರುಚಿಯೇ ಬೇಕು, ಇಬ್ಬರೇ ಇದ್ದೇವೆ, ಬೆಳಿಗ್ಗೆ ಹತ್ತು ನಿಮಿಷ ಇದೆ ಎನ್ನುವವರು ಹಿಡಿಕೆಯ ಯಂತ್ರವನ್ನು ಗ್ರೈಂಡರ್ ಸಮೇತ ಕೊಳ್ಳಲಿ. ಬೀನ್-ಟು-ಕಪ್ ಹೊಂದುವುದು ಖಾರಘರದಲ್ಲಿ ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತ, ಹೊತ್ತು ಹೊತ್ತಿಗೆ ಒಬ್ಬೊಬ್ಬರಾಗಿ ಎದ್ದು ಬಂದು ದಿನಕ್ಕೆ ಆರೇಳು ಕಪ್ ಬರಿಕಾಫಿ ಕುಡಿಯುವ ಮನೆಗೆ. ಅವರು ಹಿಡಿಕೆಯ ಯಂತ್ರಕ್ಕಿಂತ ಹೆಚ್ಚಿಗೆ ಕೊಡುವ 40,000-50,000 ರೂಪಾಯಿ ಸಮಯಕ್ಕೆ ಕೊಟ್ಟ ಬೆಲೆ. ಹಾಗೆ ಕೊಡುವವರು ಅಂಗಡಿಯಲ್ಲಿ ಕಾಫಿಯ ರುಚಿ ನೋಡುತ್ತ ನಿಲ್ಲುವ ಬದಲು ಯಂತ್ರದ ಬಾಗಿಲು ತೆಗೆಸಿ ಒಳಭಾಗವನ್ನು ತಾವೇ ಒಮ್ಮೆ ಹೊರಗೆಳೆದು ನೋಡಲಿ. ವಾರಂಟಿಯ ಅವಧಿಯಲ್ಲಿ ಸರ್ವಿಸಿನವನು ಮನೆಗೇ ಬರುತ್ತಾನೋ, ಹತ್ತು ಕಿಲೋ ಯಂತ್ರವನ್ನು ರಿಕ್ಷಾದಲ್ಲಿ ಹೊತ್ತುಕೊಂಡು ಹೋಗಬೇಕೋ ಎಂಬುದನ್ನು ಬಿಲ್ಲು ಹರಿಸುವ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಲಿ.