‘ರದ್ದುಮಾಡಿ’ ಅಂದ್ರೆ ಯಾವುದನ್ನ?

ಗಾಂಧಿ ಬಜಾರಿನಲ್ಲಿ ಹೂ ಮಾರುವ ಒಬ್ಬ ಅಕ್ಕನಿಗೆ ಕಳೆದ ಸೆಮಿಸ್ಟರ್‌ನಲ್ಲಿ ನಾವು ಮೂವರು ಸೇರಿ ಒಂದು ಆ್ಯಪ್ ಮಾಡಿಕೊಟ್ಟೆವು. ವರ್ತನೆ ಹೂವಿನ ಲೆಕ್ಕಕ್ಕೆ. ಒಂದೊಂದು ಮನೆಗೆ ಒಂದೊಂದು ಸಾಲು: ದಿನಕ್ಕೆ ಎಷ್ಟು ಮೊಳ, ಎಷ್ಟು ದಿನ ಆಯ್ತು, ಬಾಕಿ ಎಷ್ಟು. ಯಾರಾದರೂ ವರ್ತನೆ ನಿಲ್ಲಿಸಿ ದುಡ್ಡು ಕೊಟ್ಟರೆ ಆ ಸಾಲನ್ನು ಎಡಕ್ಕೆ ಸ್ವೈಪ್ ಮಾಡಿದರಾಯ್ತು, ಅಳಿಸಿಹೋಗುತ್ತೆ. ಡೆಮೊದಲ್ಲಿ ಎಲ್ಲಾ ಚೆನ್ನಾಗೇ ಇತ್ತು.

ಎರಡನೇ ವಾರ ಅಕ್ಕ, “ನಿಮ್ಮ ಆ್ಯಪು ಒಂದು ಮನೇನೇ ನುಂಗ್ಬಿಡ್ತು ಕಣ್ರಪ್ಪಾ” ಅಂದರು. ದಿನಕ್ಕೆ ಎರಡು ಮೊಳ, ಮೊಳಕ್ಕೆ 30 ರೂಪಾಯಿ. ಅಕ್ಕನ ನೆನಪಿನಲ್ಲಿ 19 ದಿನ, ಆ ಮನೆಯವರ ನೆನಪಿನಲ್ಲಿ 15. ಸಾಲು ಇಲ್ಲದ ಮೇಲೆ ವಾದ ಮಾಡೋದು ಹೇಗೆ? 240 ರೂಪಾಯಿ ಹೋಯಿತು.

ಕ್ಲಾಸಿನಲ್ಲಿ ಹೇಳಿದಾಗ ಎಲ್ಲರದೂ ಒಂದೇ ಸಲಹೆ: “ನಿಜವಾಗಿಯೂ ಅಳಿಸಬೇಕೇ?” ಅಂತ ಒಂದು ಡೈಲಾಗ್ ಹಾಕಿ, ಮುಗೀತು. ನಾವು ಒಪ್ಪಲಿಲ್ಲ, ಈಗಲೂ ಒಪ್ಪಲ್ಲ. ಪ್ರತಿ ಸಲ ಅದೇ ಪ್ರಶ್ನೆ ಬಂದರೆ ಬೆರಳು ಓದೋದನ್ನ ಬಿಟ್ಟು ‘ಹೌದು’ ಒತ್ತೋದನ್ನ ಕಲಿಯುತ್ತೆ. ತಪ್ಪಾಗಿ ಅಳಿಸಿದ ದಿನವೂ ಅದೇ ಅಭ್ಯಾಸದಲ್ಲಿ ಒತ್ತಿಬಿಡುತ್ತೆ.

ಅದರ ಬದಲು ಒಂದು ಸಂಜೆ ಅಂಗಡಿ ಪಕ್ಕ ಕೂತು ನೋಡಿದೆವು. ಅಕ್ಕ ಹತ್ತು ನಿಮಿಷಕ್ಕೊಮ್ಮೆ ಹೂವಿಗೆ ನೀರು ಚಿಮುಕಿಸ್ತಾರೆ, ಅದೇ ಕೈಯಲ್ಲಿ ಮೊಬೈಲ್ ಮುಟ್ತಾರೆ. ಟಚ್‌ಸ್ಕ್ರೀನಿಗೆ ನೀರಿನ ಹನಿಯೂ ಬೆರಳಿನ ಹಾಗೇ ಕಾಣಬಹುದು. ಆಗ ಬೆರಳಿನ ಜಾಗ ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಿಗಿದಂತೆ ದಾಖಲಾಗುತ್ತೆ. ನಾವು ಬಳಸಿದ್ದು ಆಂಡ್ರಾಯ್ಡಿನ `ItemTouchHelper`. ಅದರಲ್ಲಿ ಸ್ವೈಪ್ ಆಯ್ತು ಅಂತ ಒಪ್ಪೋಕೆ ಎರಡು ಬಾಗಿಲಿವೆ. ಒಂದು ದೂರ: ಸಾಲು ಪಟ್ಟಿಯ ಅಗಲದ ಅರ್ಧ ದಾಟಬೇಕು. ಇನ್ನೊಂದು ವೇಗ: ಬೆರಳು ಎತ್ತುವಾಗ ಅಡ್ಡ ವೇಗ ಸೆಕೆಂಡಿಗೆ 120 dp ಮೀರಿದ್ದರೆ ದೂರ ಕಮ್ಮಿಯಿದ್ದರೂ ಒಪ್ಪಿಬಿಡುತ್ತೆ. 360 dp ಅಗಲದ ಫೋನಿನಲ್ಲಿ ಅದು ಸೆಕೆಂಡಿಗೆ ಪರದೆಯ ಮೂರನೇ ಒಂದು ಭಾಗ, ಅಷ್ಟೇ. ಬೆರಳು ಎತ್ತಿದಾಗಿನ ದೂರವನ್ನು ಲಾಗ್ ಮಾಡಿ ನೋಡಿದರೆ, ತಪ್ಪಾಗಿ ಅಳಿಸಿದ ಸಾಲುಗಳು ಒಂದೂ ಅರ್ಧ ದಾಟಿರಲಿಲ್ಲ. ಎಲ್ಲಾ ವೇಗದ ಬಾಗಿಲಿಂದ ಹೋದವು. ಆ ಬಾಗಿಲು ಮುಚ್ಚೋಕೆ ಒಂದು ಸಾಲು ಸಾಕು:

```kotlin
override fun getSwipeEscapeVelocity(v: Float) = Float.MAX_VALUE
```

ಇನ್ನು ವೈಬ್ರೇಶನ್. ಅದನ್ನು ನಾವು `onSwiped` ಒಳಗೆ ಹಾಕಿದ್ದೆವು, ಅಂದರೆ ಬೆರಳು ಎತ್ತಿ ಕೆಲಸ ಕೆಟ್ಟ ಮೇಲೆ ಸಣ್ಣಗೆ ನಡುಗುತ್ತಿತ್ತು. ಅದರಿಂದ ಯಾರಿಗೆ ಉಪಯೋಗ? ಬೆರಳು ಇನ್ನೂ ಪರದೆ ಮೇಲಿರುವಾಗ, ಅರ್ಧದ ಗೆರೆ ದಾಟಿದ ಕ್ಷಣದಲ್ಲಿ ನಡುಗಿದರೆ “ಈಗ ಬಿಟ್ಟರೆ ಅಳಿಸ್ತೀನಿ” ಅಂತ ಹೇಳಿದ ಹಾಗೆ. ವಾಪಸ್ ಎಳೆದುಕೊಳ್ಳೋಕೆ ಅವಕಾಶ ಇರುತ್ತೆ. ಹಾಗಾಗಿ ಅದನ್ನು `onChildDraw`ಗೆ ತಂದೆವು, ಗೆರೆ ದಾಟಿದಾಗ ಒಂದೇ ಸಲ. ಇದಕ್ಕೆಂದೇ ಆಂಡ್ರಾಯ್ಡ್ 14ರಲ್ಲಿ `GESTURE_THRESHOLD_ACTIVATE` ಇದೆ. ಅಕ್ಕನ ಫೋನು ಹಳೆಯದು, ಅದಕ್ಕೆ `CLOCK_TICK` ಹಾಕಿದೆವು. ಆದರೂ ಪೂರ್ತಿ ಗೆದ್ದೆವು ಅಂತ ಹೇಳಲಾರೆವು. ಅಗ್ಗದ ಫೋನುಗಳಲ್ಲಿ ಒಂದು ಕಡೆ ಭಾರವಿರುವ ಪುಟ್ಟ ಮೋಟರ್ ಸುತ್ತಬೇಕು. ಅದು ವೇಗ ಹಿಡಿಯುವಷ್ಟರಲ್ಲಿ ಸಣ್ಣ ನಡುಕದ ಟೈಮೇ ಮುಗಿದಿರುತ್ತೆ. ಮೇಲಾಗಿ ಅಕ್ಕನ ಮೊಬೈಲು ಕೈಯಲ್ಲಿರಲ್ಲ, ಒದ್ದೆ ಗೋಣಿಚೀಲದ ಮೇಲಿರುತ್ತೆ. ಅದಕ್ಕೇ ಗೆರೆ ದಾಟಿದಾಗ ಸಾಲಿನ ಹಿನ್ನೆಲೆ ಬೂದಿಯಿಂದ ಕೆಂಪಿಗೆ ತಿರುಗುವಂತೆಯೂ ಮಾಡಿದೆವು. ನಡುಕವನ್ನೊಂದನ್ನೇ ನಂಬಬೇಡಿ.

ನಮಗೆ ನಾಚಿಕೆಯಾಗಿದ್ದು ಮಾತ್ರ ಕೊನೆಯದಕ್ಕೆ. ಕನ್ನಡ ಸಂಘದವರು ನಾವು. ಅಳಿಸಿದ ಮೇಲೆ ಕೆಳಗೆ ಬರುವ ಪಟ್ಟಿಯಲ್ಲಿ ‘ಅಂಡೂ’ಗೆ ‘ರದ್ದುಮಾಡಿ’ ಅಂತ ಬರೆದಿದ್ದೆವು. ಆ ಮನೆ ಮಾಯವಾದಾಗ ಅಕ್ಕ ಅದನ್ನು ನೋಡಿದ್ದರಂತೆ. “ಮೊದಲೇ ಹೋಗಿದೆ, ಇನ್ನೂ ರದ್ದು ಮಾಡು ಅಂತದೆ, ಮುಟ್ಟಲಿಲ್ಲ” ಅಂದರು. ಸರಿಯಾಗೇ ಓದಿದ್ದಾರೆ! ‘ಅಳಿಸಿದ್ದನ್ನು ರದ್ದುಮಾಡಿ’ ಅನ್ನೋದು ನಮ್ಮ ತಲೆಯಲ್ಲಿತ್ತು, ಪರದೆ ಮೇಲೆ ಇರಲಿಲ್ಲ. ಈಗ ಅಲ್ಲಿ ‘ವಾಪಸ್ ತನ್ನಿ’ ಅಂತಿದೆ, ಜೊತೆಗೆ ಯಾವ ಮನೆ, ಎಷ್ಟು ಬಾಕಿ ಅಂತಲೂ.

ಆ ಪಟ್ಟಿ `LENGTH_LONG` ಅಂದರೂ ನಿಲ್ಲೋದು 2.75 ಸೆಕೆಂಡ್. ಗಿರಾಕಿಗೆ ಮೊಳ ಅಳೆದು ಕೊಡುವಷ್ಟರಲ್ಲಿ ಹೋಗಿರುತ್ತೆ. 10 ಸೆಕೆಂಡಿಗೆ ಏರಿಸಿದೆವು, ಆದರೆ ನಿಜವಾದ ರಿಪೇರಿ ಡೇಟಾಬೇಸಿನಲ್ಲಿ. ಸ್ವೈಪ್ ಈಗ ಸಾಲನ್ನು ಅಳಿಸುವುದೇ ಇಲ್ಲ, `deleted_at` ಅನ್ನೋ ಕಾಲಮ್ಮಿಗೆ ಸಮಯ ಬರೆದು ಪಟ್ಟಿಯಿಂದ ಮರೆಮಾಡುತ್ತೆ, ಅಷ್ಟೇ. ‘ತೆಗೆದ ಮನೆಗಳು’ ಅಂತ ಇನ್ನೊಂದು ಪುಟದಲ್ಲಿ 60 ದಿನ ಇರುತ್ತೆ. ಎರಡು ತಿಂಗಳು ಯಾಕೆಂದರೆ ಬಾಕಿಯ ತಕರಾರು ಬರೋದು ತಿಂಗಳ ಕೊನೆಗೆ, ದುಡ್ಡು ಕೇಳೋಕೆ ಹೋದಾಗ.

ಡೈಲಾಗ್ ಎಲ್ಲೂ ಬೇಡ ಅಂತ ನಾವು ಹೇಳುತ್ತಿಲ್ಲ. ದುಡ್ಡು ಕಳಿಸಿದ ಮೇಲೆ ವಾಪಸ್ ತರೋಕಾಗಲ್ಲ, ಅಲ್ಲಿ ಕೇಳಲೇಬೇಕು. ವಾಪಸ್ ತರಬಹುದಾದ ಕಡೆ ಕೇಳೋದು, ತರುವ ಕೋಡ್ ಬರೆಯೋಕೆ ನಮಗಿರುವ ಸೋಮಾರಿತನ. ಅಂದಹಾಗೆ, ಆ 240 ರೂಪಾಯಿ ನಾವು ಕೊಡೋಕೆ ಹೋದರೆ ಅಕ್ಕ ತೆಗೆದುಕೊಳ್ಳಲಿಲ್ಲ. ಡೈರಿಯಲ್ಲೂ ಬರೆದಿಡ್ತಿದ್ದಾರೆ, ಇನ್ನೂ.