ಉಡುಗೊರೆ ಮಗನದು, ಸುಂಕ ಯಾರದು?

ಸಾಗರದ ಸಮೀಪದ ಒಂದು ಹಳ್ಳಿಯ ವೃದ್ಧ ದಂಪತಿಗೆ ನ್ಯೂಜೆರ್ಸಿಯಲ್ಲಿರುವ ಮಗ ದೀಪಾವಳಿಗೆಂದು ಒಂದು ಪೆಟ್ಟಿಗೆ ಕಳಿಸಿದ. ಅಮ್ಮನಿಗೆ ಎರಡು ಸ್ವೆಟರ್, ಅಪ್ಪಯ್ಯನಿಗೆ ನಡೆದಾಡಲು ಒಂದು ಜೊತೆ ಶೂ, ರಕ್ತದೊತ್ತಡ ನೋಡಿಕೊಳ್ಳುವ ಪುಟ್ಟ ಯಂತ್ರ, ನಾಲ್ಕು ಪೊಟ್ಟಣ ಚಾಕೊಲೇಟ್. ಜೊತೆಗೆ ಯಾರೋ ಒಳ್ಳೆಯದೆಂದು ಹೇಳಿದ, ಮಂಡಿನೋವಿನ ಎರಡು ಡಬ್ಬಿ ಮಾತ್ರೆ. ಕೊರಿಯರ್ ಕಂಪನಿಯ ಫಾರಂನಲ್ಲಿ ವಸ್ತುಗಳ ವಿವರ ಕೇಳಿದ ಕಡೆ 'ಗಿಫ್ಟ್ ಐಟಂಸ್' ಎಂದೂ, ಬೆಲೆ ಕೇಳಿದ ಕಡೆ 20 ಡಾಲರ್ ಎಂದೂ ಬರೆದ. ಉಡುಗೊರೆಗೆ ಸುಂಕವಿಲ್ಲ, ಬೆಲೆ ಕಡಿಮೆ ಬರೆದರೆ ಯಾರೂ ತಂಟೆ ಮಾಡುವುದಿಲ್ಲ ಎಂದು ಹತ್ತು ವರ್ಷದ ಹಿಂದೆ ಅಲ್ಲಿಗೆ ಹೋದ ಗೆಳೆಯನೊಬ್ಬ ಹೇಳಿಕೊಟ್ಟಿದ್ದ.

ಪೆಟ್ಟಿಗೆ ನಾಲ್ಕೇ ದಿನದಲ್ಲಿ ಭಾರತ ತಲುಪಿತು. ಆಮೇಲೆ ಕದಲಲಿಲ್ಲ. ದೀಪಾವಳಿ ಕಳೆಯಿತು, ತುಳಸಿ ಹಬ್ಬವೂ ಕಳೆಯಿತು. ಕಡೆಗೆ ಪೆಟ್ಟಿಗೆ ಬಂದದ್ದು ಮಾತ್ರೆಯ ಡಬ್ಬಿಗಳಿಲ್ಲದೆ, ಸಾವಿರಾರು ರೂಪಾಯಿಯ ಬಿಲ್ಲಿನೊಡನೆ. "ಇಷ್ಟು ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಬದಲು ಇಲ್ಲೇ ತಗೊಳ್ಳಬಹುದಿತ್ತಲ್ಲ ಮಾರಾಯ" ಎಂದು ಅಪ್ಪಯ್ಯ ಫೋನಿನಲ್ಲಿ ಅಂದದ್ದು ಮಗನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಗೆಳೆಯ ಸುಳ್ಳು ಹೇಳಿರಲಿಲ್ಲ; ಹಳೆಯದನ್ನು ಹೇಳಿದ್ದ. ಹಿಂದೆ ಸಣ್ಣ ಮೌಲ್ಯದ ಉಡುಗೊರೆಗಳಿಗೆ ಸುಂಕದಿಂದ ವಿನಾಯಿತಿ ಇದ್ದದ್ದು ನಿಜ. ವಿದೇಶಿ ಅಂಗಡಿಗಳಿಂದ ತರಿಸಿದ ಮಾಲನ್ನೂ ಜನ ಉಡುಗೊರೆಯ ಹೆಸರಿನಲ್ಲಿ ಬಿಡಿಸಿಕೊಳ್ಳತೊಡಗಿದಾಗ, 2019ರ ಡಿಸೆಂಬರ್ 12ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಹೊರಡಿಸಿದ ಅಧಿಸೂಚನೆ ಆ ಬಾಗಿಲು ಮುಚ್ಚಿತು. ಅಂಚೆಯಲ್ಲಾಗಲಿ ಕೊರಿಯರ್‌ನಲ್ಲಾಗಲಿ ಬರುವ ವಸ್ತುವಿಗೆ ಉಡುಗೊರೆಯೆಂಬ ಕಾರಣಕ್ಕೆ ವಿನಾಯಿತಿ ಕೇಳುವಂತಿಲ್ಲ. ಹೊರತಾದವು ಎರಡೇ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿಯ ಜೊತೆಗಿಡುವ ಉಡುಗೊರೆಗೂ ಈ ರಿಯಾಯಿತಿ ಇಲ್ಲ. ಹಾಗೆಂದು ಉಡುಗೊರೆ ಕಳಿಸುವುದೇ ನಿಷಿದ್ಧವಲ್ಲ. ಪೂರ್ಣ ಸುಂಕ ಕಟ್ಟಿದರೆ ಧಾರಾಳವಾಗಿ ತರಿಸಿಕೊಳ್ಳಬಹುದು. ಫಾರಂನಲ್ಲಿ 'ಗಿಫ್ಟ್' ಎಂಬ ಚೌಕಕ್ಕೆ ಗುರುತು ಹಾಕಿದರೆ ಅದು ಮಾರಾಟದ ಮಾಲಲ್ಲ ಎಂದು ತಿಳಿಯುತ್ತದೆ, ಅಷ್ಟೇ, ಸುಂಕ ಮಾಫಿಯಾಗುವುದಿಲ್ಲ.

ಸುಂಕ ಎಷ್ಟಾಗುತ್ತದೆ? ದರಗಳು ವಸ್ತುವಿನಿಂದ ವಸ್ತುವಿಗೂ ಬಜೆಟ್ಟಿನಿಂದ ಬಜೆಟ್ಟಿಗೂ ಬದಲಾಗುತ್ತವೆ. ಆದರೆ ಲೆಕ್ಕದ ಕ್ರಮ ಒಂದೇ. ಇದೇ ಪೆಟ್ಟಿಗೆಯನ್ನು ನೋಡಬಹುದು. ಒಳಗಿನ ವಸ್ತುಗಳ ನಿಜವಾದ ಬೆಲೆ 10,000 ರೂಪಾಯಿ, ವಿಮಾನದಲ್ಲಿ ಕಳಿಸಲು ಆದ ವೆಚ್ಚ 5,000 ರೂಪಾಯಿ. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರವಲ್ಲ, ಸಾಗಣೆಯನ್ನೂ ವಿಮೆಯನ್ನೂ ಸೇರಿಸಿದ ಮೊತ್ತದ ಮೇಲೆ. ವಿಮಾನ ಸಾಗಣೆಗೆ ಒಂದು ಮಿತಿ ಇದೆ: ಎಷ್ಟೇ ಖರ್ಚಾಗಿರಲಿ, ವಸ್ತುವಿನ ಬೆಲೆಯ ಶೇಕಡಾ 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಆದ್ದರಿಂದ ಸೇರುವುದು 2,000 ಮಾತ್ರ. ವಿಮೆಯನ್ನು ಬಿಟ್ಟರೆ ಒಟ್ಟು 12,000.

ಮೂಲ ಸೀಮಾ ಸುಂಕ ಶೇಕಡಾ 10 ಎಂದಿಟ್ಟುಕೊಂಡರೆ 1,200 ರೂಪಾಯಿ. ಆ ಸುಂಕದ ಮೇಲೆ ಶೇಕಡಾ 10ರ ಸಮಾಜ ಕಲ್ಯಾಣ ಮೇಲ್‌ತೆರಿಗೆ ಎಂದರೆ 120. ಈಗ ಮೊತ್ತ 13,320 ಆಯಿತು. ಇದರ ಮೇಲೆ ಐಜಿಎಸ್‌ಟಿ; ಶೇಕಡಾ 18 ಎಂದು ಹಿಡಿದರೆ 2,397 ರೂಪಾಯಿ 60 ಪೈಸೆ. ಮೂರನ್ನೂ ಕೂಡಿಸಿದರೆ ಸರ್ಕಾರಕ್ಕೆ ಸಲ್ಲುವುದು ಸುಮಾರು 3,718 ರೂಪಾಯಿ. ಮೂಲ ಸುಂಕ ಶೇಕಡಾ 20 ಆಗಿದ್ದರೆ ಇದೇ ಲೆಕ್ಕ 5,275ಕ್ಕೆ ಏರುತ್ತದೆ. ಇಲ್ಲಿ ಹಿಡಿದ ದರಗಳು ದಾರಿ ತೋರಿಸಲು ಮಾತ್ರ. ಕಳಿಸುವ ದಿನದ ದರವನ್ನು ಕೊರಿಯರ್ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಒಂದು ಮಾತಂತೂ ನಿಶ್ಚಿತ: ತೆರಿಗೆಯ ಮೇಲೆ ತೆರಿಗೆ ಬೀಳುವುದರಿಂದ ಬಾಯಿಲೆಕ್ಕದಲ್ಲಿ ತೋರುವುದಕ್ಕಿಂತ ಹೆಚ್ಚೇ ಆಗುತ್ತದೆ.

ಬಿಲ್ಲು ಅಲ್ಲಿಗೇ ಮುಗಿಯಲಿಲ್ಲ. ಕೊರಿಯರ್ ಕಂಪನಿ ಸುಂಕವನ್ನು ತಾನು ಮೊದಲು ಕಟ್ಟಿ ಆಮೇಲೆ ವಸೂಲು ಮಾಡುತ್ತದೆ. ಹಾಗೆ ಮುಂಗಡ ಕಟ್ಟಿದ್ದಕ್ಕೆ ಅದರದೇ ಒಂದು ಶುಲ್ಕ, ಆ ಶುಲ್ಕಕ್ಕೆ ಮತ್ತೆ ಜಿಎಸ್‌ಟಿ. ಪೆಟ್ಟಿಗೆ ಗೋದಾಮಿನಲ್ಲಿ ಉಚಿತ ದಿನಗಳನ್ನು ಮೀರಿ ಕುಳಿತಿದ್ದರೆ ನೆಲಬಾಡಿಗೆ ಬೇರೆ. ಸುಂಕ ತಪ್ಪಿಸಿಕೊಳ್ಳುವಂಥದಲ್ಲ. ಆದರೆ ನೆಲಬಾಡಿಗೆ ಸಂಪೂರ್ಣ ತಪ್ಪಿಸಿಕೊಳ್ಳಬಹುದಾದ ದಂಡ. ಅದಕ್ಕೆ ಪೆಟ್ಟಿಗೆ ಏಕೆ ನಿಂತಿತೆಂದು ತಿಳಿಯಬೇಕು.

ಮೊದಲ ಕಾರಣ ವಿವರ. 'ಗಿಫ್ಟ್ ಐಟಂಸ್' ಎಂದರೆ ಅಧಿಕಾರಿಗೆ ಏನೂ ತಿಳಿಯುವುದಿಲ್ಲ, ಪೆಟ್ಟಿಗೆ ಬಿಚ್ಚಿಸಲೇಬೇಕು. ಬಿಚ್ಚಿದಾಗ ಕಂಡದ್ದು ಹೆಸರಾಂತ ತಯಾರಕರ ಹೊಸ ಶೂ ಮತ್ತು ಯಂತ್ರ. 20 ಡಾಲರ್ ಎಂಬ ಬೆಲೆ ಅಲ್ಲಿಯೇ ಬಿದ್ದುಹೋಯಿತು. ಅಂಗಡಿ ಬೆಲೆ ನೋಡಿ ಹೊಸದಾಗಿ ಮೌಲ್ಯ ಕಟ್ಟಲು ದಿನಗಳು ಹಿಡಿದವು. ಕಡಿಮೆ ಬೆಲೆ ಬರೆಯುವುದರಲ್ಲಿ ಇನ್ನೊಂದು ನಷ್ಟವೂ ಇದೆ: ಪೆಟ್ಟಿಗೆ ಕಳೆದುಹೋದರೆ ಬರೆದಿರುವುದಕ್ಕಿಂತ ಹೆಚ್ಚಿನ ಪರಿಹಾರ ಕೇಳುವ ಬಾಯಿಯೇ ಇರುವುದಿಲ್ಲ. 'ಹೆಂಗಸರ ಉಣ್ಣೆಯ ಸ್ವೆಟರ್, ಹೊಸದು, 2, ತಲಾ ಇಷ್ಟು ಡಾಲರ್' ಎಂದು ಒಂದೊಂದನ್ನೂ ಬೇರೆ ಸಾಲಿನಲ್ಲಿ ಬರೆದು, ಅಂಗಡಿಯ ರಸೀತಿಗಳ ಪ್ರತಿಯನ್ನು ಪೆಟ್ಟಿಗೆಯ ಹೊರಗಿನ ಲಕೋಟೆಯಲ್ಲಿಟ್ಟರೆ ಪ್ರಶ್ನೆಗೆ ಎಡೆಯಿರುವುದಿಲ್ಲ.

ಎರಡನೆಯದು ಮಾತ್ರೆಯ ಡಬ್ಬಿ. ಅಮೆರಿಕದಲ್ಲಿ ದಿನಸಿ ಅಂಗಡಿಯಲ್ಲಿ ಸಿಗುವಂಥದೇ ಆದರೂ ಇಲ್ಲಿಗೆ ಬರುವಾಗ ವೈದ್ಯರ ಚೀಟಿ ಕೇಳಿದರು. ಚೀಟಿ ಇರಲಿಲ್ಲ. ಒಂದು ವಸ್ತುವಿಗೆ ತಕರಾರು ಬಂದರೆ ನಿಲ್ಲುವುದು ಆ ವಸ್ತುವಲ್ಲ, ಇಡೀ ಪೆಟ್ಟಿಗೆ. ಔಷಧಿ ಬೇಕೇ ಬೇಕೆಂದರೆ ರೋಗಿಯ ಹೆಸರಿನ ಚೀಟಿಯೊಡನೆ ಪ್ರತ್ಯೇಕವಾಗಿ ಕಳಿಸುವುದು ಜಾಣತನ. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕ್, ಸೆಂಟಿನ ಬಾಟಲಿ ಇವು ವಿಮಾನದ ಸುರಕ್ಷತೆಯ ನಿಯಮದಲ್ಲೇ ಸಿಕ್ಕಿಬೀಳುತ್ತವೆ. ಮೊಮ್ಮಗನಿಗೆಂದು ಡ್ರೋನ್ ಕಳಿಸುವ ಯೋಚನೆಯಂತೂ ಬೇಡ. 2022ರಿಂದ ಅದರ ಆಮದು ನಿಷಿದ್ಧ.

ಮೂರನೆಯ ಕಾರಣ ಹೆಸರು. ಇದು ನಮ್ಮವರಿಗೇ ವಿಶೇಷವಾದ ತೊಡಕು. ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆ ಬಿಡಿಸಲು ಪಡೆಯುವವರ ಗುರುತಿನ ದಾಖಲೆ ಬೇಕು; ಅದನ್ನೇ ಕೆವೈಸಿ ಎನ್ನುವುದು. ಅಪ್ಪಯ್ಯನ ಆಧಾರ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಊರಿನದೊಂದು, ತಂದೆಯದೊಂದು ಅಕ್ಷರವಿದೆ. ಮಗನಾದರೋ ಅಮೆರಿಕದ ಫಾರಂ ಕೊನೆಯ ಹೆಸರು ಕೇಳಿತೆಂದು ಅಜ್ಜನ ಹೆಸರನ್ನು ಪೂರ್ತಿಯಾಗಿ ತುಂಬಿದ. ಕಂಪನಿಯ ಲೆಕ್ಕದಲ್ಲಿ ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು! ಅಮ್ಮನ ಹೆಸರಿಗೆ ಕಳಿಸಿದ್ದರೂ ಮನೆಯಲ್ಲಿ ಕರೆಯುವ ಹೆಸರು ಬರೆದು ಇದೇ ಫಜೀತಿಯಾಗುತ್ತಿತ್ತೇನೋ. ಕಾರ್ಡಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ ಹೊಂದುವಂತೆ ಬರೆಯಬೇಕು.

ಕೆವೈಸಿಯ ಕೋರಿಕೆ ಬರುವುದು ಪೆಟ್ಟಿಗೆಯ ಮೇಲಿರುವ ಫೋನ್ ನಂಬರಿಗೆ. ಮಗ ತನ್ನ ಅಮೆರಿಕದ ನಂಬರು ಕೊಟ್ಟಿದ್ದ. ಎಸ್ಸೆಮ್ಮೆಸ್ ತಲುಪಲಿಲ್ಲ, ಊರಿನಲ್ಲಿ ಯಾರಿಗೂ ವಿಷಯ ತಿಳಿಯಲಿಲ್ಲ, ಗೋದಾಮಿನ ಬಾಡಿಗೆ ಮಾತ್ರ ಏರುತ್ತಿತ್ತು. ಅಪ್ಪಯ್ಯನ ನಂಬರನ್ನೂ, ಪಟ್ಟಣದಲ್ಲಿರುವ ಅಕ್ಕನ ಮಗಳ ಇ-ಮೇಲ್ ವಿಳಾಸವನ್ನೂ ಕೊಟ್ಟಿದ್ದರೆ ಒಂದು ದಿನದ ಕೆಲಸ ಅದು.

ಈ ನಡುವೆ ಎಚ್ಚರ ತಪ್ಪಬಾರದ ಇನ್ನೊಂದು ಸಂಗತಿಯಿದೆ. 'ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಕೂಡಲೇ ಹಣ ಕಳಿಸಿ, ಇಲ್ಲವಾದರೆ ಅರೆಸ್ಟ್' ಎಂದು ಬೆದರಿಸುವ ವಂಚಕರ ಹಾವಳಿ ಈಗ ಹಳ್ಳಿಗಳಿಗೂ ಮುಟ್ಟಿದೆ. ನಿಜವಾಗಿಯೂ ಪೆಟ್ಟಿಗೆಯ ದಾರಿ ಕಾಯುತ್ತಿರುವವರು ಬೇಗ ಬಲಿಯಾಗುತ್ತಾರೆ. ಕಸ್ಟಮ್ಸ್ ಅಧಿಕಾರಿ ಫೋನ್ ಮಾಡಿ ಯಾರದೋ ಖಾತೆಗೆ ಸುಂಕ ಕಟ್ಟಿರೆಂದು ಹೇಳುವ ಪದ್ಧತಿಯೇ ಇಲ್ಲ. ಇಲಾಖೆಯ ಪತ್ರಗಳಿಗೆ ಡಿನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ; ಅದು ಅಸಲಿಯೇ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಜಾಲತಾಣದಲ್ಲಿ ನೋಡಬಹುದು. ಮಗ ಪಾರ್ಸೆಲ್ ಸಂಖ್ಯೆಯನ್ನು ಮೊದಲೇ ಬರೆಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಇರಿಸಿದ್ದರೆ, ಫೋನ್ ಮಾಡಿದವನನ್ನು ಆ ಸಂಖ್ಯೆ ಹೇಳೆಂದು ಕೇಳಬಹುದು. ಸಂಖ್ಯೆ ಸರಿಯಾಗಿ ಹೇಳಿದರೂ ಫೋನಿನಲ್ಲಿ ಹಣ ಕೊಡದೆ, ಮಗನಿಗೆ ತಿಳಿಸಿಯೇ ಮುಂದುವರಿಯಬೇಕು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಬೇಕು.

ಮರುವರ್ಷ ಯುಗಾದಿಗೆ ಅದೇ ಮಗ ಮತ್ತೊಂದು ಪೆಟ್ಟಿಗೆ ಕಳಿಸಿದ, ಈ ಸಲ ಅಂಚೆಯಲ್ಲಿ. ಅಮೆರಿಕದ ಅಂಚೆಗೆ ಕೊಟ್ಟದ್ದನ್ನು ಇಲ್ಲಿ ನಮ್ಮ ಅಂಚೆ ಇಲಾಖೆಯೇ ಮನೆಗೆ ಮುಟ್ಟಿಸುತ್ತದೆ. ಹದಿಮೂರು ಅಕ್ಷರ-ಅಂಕಿಗಳ, 'ಯುಎಸ್' ಎಂದು ಕೊನೆಯಾಗುವ ಅದೇ ಸಂಖ್ಯೆಯಿಂದ ಇಲ್ಲಿನ ಅಂಚೆಯ ಜಾಲತಾಣದಲ್ಲೂ ಪತ್ತೆ ಹಚ್ಚಬಹುದು. ಸುಂಕವನ್ನು ಅಂಚೆಯಣ್ಣನೇ ಬಾಗಿಲಲ್ಲಿ ಪಡೆದು ರಸೀತಿ ಕೊಡುತ್ತಾನೆ. ಜೊತೆಗೆ ಅಂಚೆಯ ಸಣ್ಣ ನಿರ್ವಹಣಾ ಶುಲ್ಕವಿರುತ್ತದೆ. ಕೊರಿಯರಿಗಿಂತ ನಿಧಾನ, ಆದರೆ ಖರ್ಚು ಕಡಿಮೆ. ತುರ್ತಾಗಿ ಕೊರಿಯರ್‌ನಲ್ಲೇ ಕಳಿಸಬೇಕಾದರೆ, ಸುಂಕ-ತೆರಿಗೆಯ ಬಿಲ್ಲು ಕಳಿಸಿದವರಿಗೇ ಬರಲಿ ಎಂದು ಆರಿಸಿಕೊಳ್ಳುವ ಅವಕಾಶ ದೊಡ್ಡ ಕಂಪನಿಗಳ ಫಾರಂಗಳಲ್ಲಿ ಇರುತ್ತದೆ. ಅದನ್ನು ಆರಿಸಿದರೆ ಅಪ್ಪಯ್ಯ ಜೇಬಿಗೆ ಕೈಹಾಕಬೇಕಿಲ್ಲ.

ಪೆಟ್ಟಿಗೆ ಸೇರದಿದ್ದರೆ ಏನು ಮಾಡಬೇಕೆಂದು ಅಂಚೆಯ ಕಸ್ಟಮ್ಸ್ ಫಾರಂನಲ್ಲಿ ಒಂದು ಪ್ರಶ್ನೆಯಿದೆ: ವಾಪಸು ಕಳಿಸುವುದೋ, ಬಿಟ್ಟುಬಿಡುವುದೋ? ವಾಪಸು ಎಂದರೆ ಬರುವ ಖರ್ಚೂ ಕಳಿಸಿದವರದೇ. ಮಗ ಅದನ್ನೂ ಯೋಚಿಸಿ ತುಂಬಿದ. ಚಾಕೊಲೇಟು, ಶೂಗಳನ್ನು ಕಳಿಸದೆ, ಇಲ್ಲಿನ ಅಂಗಡಿಯಿಂದಲೇ ತರಿಸಿ ಮನೆಗೆ ಮುಟ್ಟಿಸಿದ. ದೇಶದೊಳಗಿನ ಖರೀದಿಗೆ ಸೀಮಾ ಸುಂಕದ ಮಾತೇ ಇಲ್ಲ. ಕಡಲಾಚೆಯಿಂದ ಬಂದದ್ದು ಇಲ್ಲಿ ಸಿಗದ ಎರಡೇ ವಸ್ತು: ಅಮ್ಮನ ಬೆರಳಿಗೆ ಹಗುರವಾಗುವ ಹೆಣಿಗೆ ಕಡ್ಡಿಗಳ ಒಂದು ಜೊತೆ, ಮೊಮ್ಮಗಳು ಶಾಲೆಯಲ್ಲಿ ಮಾಡಿದ ಮಣ್ಣಿನ ಬಟ್ಟಲು.

ಪೆಟ್ಟಿಗೆ ಹೊರಟ ದಿನವೇ ಫೋನ್ ಮಾಡಿ ಹೇಳಿದ: "ಅಪ್ಪಯ್ಯ, ಅಂಚೆಯವರು ಬಂದಾಗ ಇಷ್ಟು ಸುಂಕ ಕೇಳಬಹುದು. ಆ ದುಡ್ಡು ಆಗಲೇ ನಿಮ್ಮ ಖಾತೆಗೆ ಹಾಕಿದ್ದೇನೆ, ರಸೀತಿ ಮಾತ್ರ ಇಟ್ಟುಕೊಳ್ಳಿ." ಯುಗಾದಿಗೆ ಮೂರು ದಿನ ಮೊದಲೇ ಅಂಚೆಯಣ್ಣ ಬಂದ. ಅಪ್ಪಯ್ಯ ರಸೀತಿಯನ್ನು ಕನ್ನಡಕದ ಡಬ್ಬಿಯಲ್ಲಿ ಮಡಚಿಟ್ಟುಕೊಂಡು, ಅಂಚೆಯಣ್ಣನನ್ನು ಕಾಫಿಗೆ ಕೂರಿಸಿದರು.